ಗೃಹಪ್ರವೇಶಕ್ಕೆ ಎಷ್ಟಾಗುತ್ತೆ? ಮೊತ್ತ ಕೇಳುವ ಮೊದಲು ಎಲೆ ಎಣಿಸಿ

"ಗೃಹಪ್ರವೇಶ ಇಟ್ಕೊಂಡಿದೀವಿ ಸಾರ್. ಎಲ್ಲಾ ಸೇರಿ ಎಷ್ಟಾಗುತ್ತೆ, ಒಂದು ಅಂದಾಜು ಹೇಳಿ. ಮೂರು ಲಕ್ಷದೊಳಗೆ ಮುಗೀಬೇಕು."

ಉಲ್ಲಾಳ, ಕೆಂಗೇರಿ, ಸರ್ ಎಂ. ವಿಶ್ವೇಶ್ವರಯ್ಯ ಬಡಾವಣೆಯ ಕಡೆ ಅಡುಗೆ ಕಾಂಟ್ರ್ಯಾಕ್ಟ್ ಮಾಡುವವರಿಗೆ ಮುಹೂರ್ತಗಳ ತಿಂಗಳಲ್ಲಿ ಇಂಥ ಫೋನ್ ಹೊಸದಲ್ಲ. ವಿಜಯನಗರ, ರಾಜಾಜಿನಗರಗಳಲ್ಲಿ ಬಾಡಿಗೆಗಿದ್ದು, ನಗರದ ಈ ಅಂಚಿನಲ್ಲಿ ನಿವೇಶನ ಕೊಂಡು ಮನೆ ಕಟ್ಟಿದ ಕುಟುಂಬಗಳು ಬಹಳ. ಕಟ್ಟಡದ ಖರ್ಚು ಅಂದಾಜು ಮೀರಿ, ಕೈಯಲ್ಲಿ ಉಳಿದಿರುವ ಹಣಕ್ಕೆ ಒಂದು ಗೆರೆ ಎಳೆದುಕೊಂಡೇ ಅವರು ಫೋನ್ ಮಾಡಿರುತ್ತಾರೆ. ಆದರೆ ಆ ಮಾತಿನಲ್ಲಿ ಇರುವುದು ಎರಡೇ ಸಂಗತಿ: ಕಾರ್ಯ ಯಾವುದು, ಮೊತ್ತ ಎಷ್ಟು ಮೀರಬಾರದು. ಎಷ್ಟು ಜನ ಉಣ್ಣುತ್ತಾರೆ, ಎಲ್ಲಿ ಕೂತು ಉಣ್ಣುತ್ತಾರೆ, ಹಣ ಸಾಲದೆ ಹೋದರೆ ಮೊದಲು ಯಾವುದನ್ನು ಬಿಡಬಹುದು ಎಂಬ ಮೂರು ವಿಷಯ ಅದರಲ್ಲಿಲ್ಲ. ಖರ್ಚನ್ನು ತೀರ್ಮಾನಿಸುವುದು ಆ ಮೂರೇ.

ಅಡುಗೆಯವರು ಆಗ ಏನು ಹೇಳಬೇಕು? "ಮೂರರಲ್ಲಿ ಮಾಡೋಣ ಬಿಡಿ" ಎನ್ನುತ್ತಾರೆ, ಇಲ್ಲವೇ "ಎಲೆಗೆ ಇಷ್ಟು" ಎಂದು ಒಂದು ದರ ಹೇಳುತ್ತಾರೆ. ಮೊದಲನೆಯ ಉತ್ತರದಲ್ಲಿ ಅವರು ತಮ್ಮ ಮನಸ್ಸಿನಲ್ಲೇ ಒಂದು ಜನಸಂಖ್ಯೆ ಹಿಡಿದಿರುತ್ತಾರೆ, ಅದು 200 ಇದ್ದರೂ ಇರಬಹುದು. ಮನೆಯವರ ಮನಸ್ಸಿನಲ್ಲಿ 350 ಇರುತ್ತದೆ. ಇಬ್ಬರೂ ತಮ್ಮ ಸಂಖ್ಯೆಯನ್ನು ಬಾಯಿಬಿಟ್ಟು ಹೇಳಿರುವುದಿಲ್ಲ. ಕಾರ್ಯದ ದಿನ ಮೂರನೇ ಪಂಕ್ತಿ ಏಳುವ ಹೊತ್ತಿಗೆ ಪಾಯಸ ಮುಗಿದಾಗ ಆ ವ್ಯತ್ಯಾಸ ಗೊತ್ತಾಗುತ್ತದೆ. ಎರಡನೆಯ ಉತ್ತರ ಕೊಂಚ ವಾಸಿ, ಆದರೆ ಎಲೆಯ ದರದಲ್ಲಿ ಶಾಮಿಯಾನ, ಜನರೇಟರ್, ನೀರಿನ ಟ್ಯಾಂಕರ್, ಪುರೋಹಿತರ ದಕ್ಷಿಣೆ ಯಾವುದೂ ಇರುವುದಿಲ್ಲ.

ಹಾಗಾದರೆ ಫೋನ್ ಮಾಡುವ ಮೊದಲು ಮನೆಯವರು ಒಂದು ಸಂಜೆ ಕೂತು ಏನನ್ನು ಬರೆದುಕೊಳ್ಳಬೇಕು?

ಮೊದಲು ಖರ್ಚಿನ ಸ್ವಭಾವ ತಿಳಿದುಕೊಳ್ಳುವುದು ಒಳ್ಳೆಯದು. ಯಾವುದೇ ಶುಭಕಾರ್ಯದಲ್ಲಿ ಕೆಲವು ಖರ್ಚು ತಲೆ ಎಣಿಕೆಯ ಜೊತೆ ಏರುತ್ತದೆ: ಊಟ, ತಿಂಡಿ, ತಾಂಬೂಲ. ಕೆಲವು ಜಾಗದ ಮೇಲೆ ನಿಂತಿದೆ: ಶಾಮಿಯಾನ, ಕುರ್ಚಿ, ಮೇಜು, ಹಾಲ್ ಬಾಡಿಗೆ, ಜನರೇಟರ್, ಶುಚಿ ಮಾಡುವ ಕೂಲಿ. 100 ಜನ ಬಂದರೂ 180 ಜನ ಬಂದರೂ ಇದರಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ಆದರೆ ಜಾಗದ ಮಿತಿ ದಾಟಿದ ಕ್ಷಣ ಒಂದೇ ಸಲಕ್ಕೆ ಜಿಗಿಯುತ್ತದೆ. ಉಳಿದದ್ದು ಮನೆಯವರ ಇಚ್ಛೆಯದು: ಫೋಟೋ, ಹೂವಿನ ಅಲಂಕಾರ, ಬಟ್ಟೆ, ಆಮಂತ್ರಣ ಪತ್ರಿಕೆ. ಜನಸಂಖ್ಯೆ ಗೊತ್ತಿಲ್ಲದಿದ್ದರೆ ಮೊದಲನೆಯದು ತಪ್ಪುತ್ತದೆ, ಜಾಗ ಗೊತ್ತಿಲ್ಲದಿದ್ದರೆ ಎರಡನೆಯದು, ಯಾವುದು ಮುಖ್ಯವೆಂದು ಗೊತ್ತಿಲ್ಲದಿದ್ದರೆ ಮೂರನೆಯದು.

ಒಂದು ಸಂಖ್ಯೆಯಲ್ಲ, ಹೊತ್ತಿಗೊಂದು ಸಂಖ್ಯೆ

"ಎಷ್ಟು ಜನ?" ಎಂದು ಕೇಳಿದರೆ ಹೆಚ್ಚಿನವರು ಒಂದೇ ಅಂಕಿ ಹೇಳುತ್ತಾರೆ. ಗೃಹಪ್ರವೇಶಕ್ಕೆ ಒಂದು ಅಂಕಿ ಸಾಲದು. ಹಿಂದಿನ ಸಂಜೆ ವಾಸ್ತು ಹೋಮ ಇಟ್ಟುಕೊಂಡರೆ ಅಂದು ರಾತ್ರಿ ಪುರೋಹಿತರು, ತೀರಾ ಹತ್ತಿರದವರು ಊಟಕ್ಕಿರುತ್ತಾರೆ. ಮರುದಿನ ಬೆಳಗಿನ ಜಾವ ಹಸು ಒಳಗೆ ಬಂದು, ಹಾಲು ಉಕ್ಕಿಸಿ, ಗಣಪತಿ ಹೋಮ, ಸತ್ಯನಾರಾಯಣ ಪೂಜೆ ಶುರುವಾಗುವಾಗ ಇನ್ನಷ್ಟು ಜನ ಸೇರಿ ತಿಂಡಿ ತಿನ್ನುತ್ತಾರೆ. ಮಧ್ಯಾಹ್ನದ ಊಟಕ್ಕೆ ಕರೆದವರೆಲ್ಲ ಬರುತ್ತಾರೆ. ಅಡುಗೆಯವರಿಗೆ ಬೇಕಾದದ್ದು ಈ ಮೂರು ಹೊತ್ತಿನ ಮೂರು ಸಂಖ್ಯೆ. ಮೂರು ಹೊತ್ತಿಗೂ ಒಂದೇ ಅಂಕಿ ಕೊಟ್ಟರೆ ತಿಂಡಿ ಮಿಕ್ಕುತ್ತದೆ, ಊಟ ಸಾಲದಾಗುತ್ತದೆ.

ಇನ್ನೊಂದು ತಪ್ಪು, ಪತ್ರಿಕೆ ಎಣಿಸಿ ಜನ ಲೆಕ್ಕ ಹಾಕುವುದು. ನೂರು ಮನೆಗೆ ಪತ್ರಿಕೆ ಕೊಟ್ಟರೆ ಮನೆಗೆ ನಾಲ್ಕರಂತೆ 400 ಎಂದು ಹಿಡಿಯುವವರಿದ್ದಾರೆ. ಹಾಗೆ ಯಾರೂ ಬರುವುದಿಲ್ಲ. ಸಂಬಂಧ ಯಾವುದು, ಮನೆ ಎಷ್ಟು ದೂರ, ದಿನ ಭಾನುವಾರವೋ ಬುಧವಾರವೋ ಎಂಬುದರ ಮೇಲೆ ಪ್ರತಿ ಮನೆಯಿಂದ ಬರುವವರ ಸಂಖ್ಯೆ ಬೇರೆಯಾಗುತ್ತದೆ. ಆದ್ದರಿಂದ ಪಟ್ಟಿಯನ್ನು ಗುಂಪುಗುಂಪಾಗಿ ಒಡೆಯಬೇಕು.

ಲೆಕ್ಕಕ್ಕೆ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ವಿಜಯನಗರದಲ್ಲಿ ಬಾಡಿಗೆಗಿದ್ದವರು, ಉಲ್ಲಾಳದಲ್ಲಿ 30–40ರ ನಿವೇಶನದಲ್ಲಿ ಮನೆ ಕಟ್ಟಿದ್ದಾರೆ, ಭಾನುವಾರ ಗೃಹಪ್ರವೇಶ. ಹತ್ತಿರದ ಬಂಧುಗಳದು 22 ಮನೆ. ಇವರು ಮಕ್ಕಳು ಮರಿ ಸಮೇತ ಬರುವವರು, ಮನೆಗೆ ನಾಲ್ಕರಂತೆ 88. ಮಾಗಡಿ, ಕುಣಿಗಲ್ ಕಡೆಯ ದೂರದ ಬಂಧುಗಳು 30 ಮನೆ. ಅಲ್ಲಿಂದ ಸಾಮಾನ್ಯವಾಗಿ ಇಬ್ಬರು ಬರುತ್ತಾರೆ, 60. ವಿಜಯನಗರದ ಹಳೆ ಬೀದಿಯ 18 ಮನೆಯಿಂದ ಇಬ್ಬರಂತೆ 36. ಉಲ್ಲಾಳದ ಹೊಸ ನೆರೆಯವರು 10 ಮನೆ. ಪಕ್ಕದಲ್ಲೇ ಇರುವುದರಿಂದ ಮನೆಗೆ ಮೂವರಂತೆ 30. ಕಚೇರಿಯಲ್ಲಿ 40 ಜನರನ್ನು ಕರೆದರೂ ಬರುವವರು 25 ಎಂದಿಟ್ಟುಕೊಳ್ಳೋಣ. ಇಲ್ಲಿಗೆ 239.

ಈಗ ಪಟ್ಟಿಯಲ್ಲಿ ಬಹುತೇಕ ಎಲ್ಲರೂ ಮರೆಯುವ ಗುಂಪು: ಮೇಸ್ತ್ರಿ, ಬಡಗಿ, ಪ್ಲಂಬರ್, ಎಲೆಕ್ಟ್ರಿಷಿಯನ್, ಟೈಲ್ಸ್ ಹಾಕಿದವರು, ಬಣ್ಣ ಬಳಿದವರು. ಮನೆ ಕಟ್ಟಿದವರನ್ನು ಗೃಹಪ್ರವೇಶದಲ್ಲಿ ಕೂರಿಸಿ, ಬಟ್ಟೆ ಕೊಟ್ಟು ಗೌರವಿಸುವ ಪದ್ಧತಿ ನಮ್ಮಲ್ಲಿದೆ, ಅದನ್ನು ಬಿಡಬಾರದು. ಅವರು 15. ಒಟ್ಟು 254. ಇದರ ಮೇಲೆ ಪುರೋಹಿತರು, ಬಡಿಸುವವರು, ಫೋಟೋದವರು, ಊರಿಂದ ಬಂದ ಗಾಡಿಯ ಚಾಲಕರು ಎಂದು 16 ಎಲೆ. ಮಧ್ಯಾಹ್ನಕ್ಕೆ 270. ಇದೇ ರೀತಿ ಲೆಕ್ಕ ಹಾಕಿದರೆ ಬೆಳಗಿನ ತಿಂಡಿಗೆ 90, ಹಿಂದಿನ ರಾತ್ರಿಗೆ 40.

ಈ 270ನ್ನು ಹಾಗೇ ಅಡುಗೆಯವರಿಗೆ ಒಪ್ಪಿಸಬಾರದು. ಕೇಟರಿಂಗ್‌ನಲ್ಲಿ ಗ್ಯಾರಂಟಿ ಸಂಖ್ಯೆ ಎಂದು ಒಂದಿರುತ್ತದೆ. ಎಷ್ಟು ಕಡಿಮೆ ಜನ ಬಂದರೂ ಅಷ್ಟು ಎಲೆಯ ಹಣ ಕೊಡಲೇಬೇಕು, ಅದಕ್ಕಿಂತ ಹೆಚ್ಚಾದರೆ ಹೆಚ್ಚಾದ ಎಲೆಗೆ ಮಾತ್ರ ಹಣ. ಅಂದಾಜು 270 ಇದ್ದರೆ ಗ್ಯಾರಂಟಿ 230 ಹೇಳಿ, 270ರವರೆಗೆ ಬಡಿಸುವ ಸಿದ್ಧತೆ ಇರಲಿ, ಹೆಚ್ಚಿನ ಎಲೆಗೂ ಅದೇ ದರ ಎಂದು ಮಾತಾಡಿಕೊಳ್ಳುವುದು ಇಬ್ಬರಿಗೂ ನ್ಯಾಯ. ಮನೆಯವರು ಹೆದರಿ ಗ್ಯಾರಂಟಿಯನ್ನೇ 300 ಎಂದರೆ, ಮಳೆ ಬಂದು 210 ಜನ ಬಂದರೂ 300ಕ್ಕೆ ಹಣ ಹೋಗುತ್ತದೆ, ಅನ್ನವೂ ಹಾಳಾಗುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರ ತಂಡವೊಂದು ನಗರದ 75 ಕಲ್ಯಾಣ ಮಂಟಪಗಳನ್ನು ಅಧ್ಯಯನ ಮಾಡಿ 2012ರಲ್ಲಿ ಕೊಟ್ಟ ವರದಿಯಲ್ಲಿ, ಬೆಂಗಳೂರಿನ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ವ್ಯರ್ಥವಾಗುತ್ತದೆ ಎಂದು ಅಂದಾಜಿಸಿತ್ತು. ಆ ವ್ಯರ್ಥದ ಒಂದು ಪಾಲು ಎಲೆಯ ಮೇಲೆ ಬಿಟ್ಟದ್ದು, ಇನ್ನೊಂದು ಪಾಲು ಬರದೇ ಹೋದವರಿಗಾಗಿ ಬೇಯಿಸಿದ್ದು. ಎರಡನೆಯದನ್ನು ಮನೆಯವರ ಲೆಕ್ಕವೇ ತಡೆಯಬಲ್ಲದು.

ಮಹಡಿ ಎಷ್ಟು ಜನರನ್ನು ಹಿಡಿಯುತ್ತದೆ?

ಗೃಹಪ್ರವೇಶದ ಜಾಗ ಗೊತ್ತೇ ಇದೆಯಲ್ಲ, ಹೊಸ ಮನೆ ಎನ್ನಬಹುದು. ಪೂಜೆಯ ಜಾಗ ಗೊತ್ತು, ನಿಜ. ಊಟದ ಜಾಗ ಯಾವುದು? ತಾರಸಿಯೋ, ಪಕ್ಕದ ಖಾಲಿ ಸೈಟೋ, ಮನೆ ಮುಂದಿನ ರಸ್ತೆಯೋ, ಹತ್ತಿರದ ಪಾರ್ಟಿ ಹಾಲೋ? ಇದನ್ನು ಹೇಳದೆ ಅಂದಾಜು ಕೇಳಿದರೆ ಅಡುಗೆಯವರು ಯಾವುದಕ್ಕೆ ಲೆಕ್ಕ ಹಾಕಬೇಕು?

ತಾರಸಿಯ ಲೆಕ್ಕವನ್ನು ಯಾರು ಬೇಕಾದರೂ ಟೇಪು ಹಿಡಿದು ಹಾಕಬಹುದು. 30–40ರ ನಿವೇಶನ ಎಂದರೆ 1,200 ಚದರಡಿ. ಸುತ್ತ ಬಿಟ್ಟ ಜಾಗ ಕಳೆದರೆ ತಾರಸಿ ಹೆಚ್ಚೆಂದರೆ 900. ಮೆಟ್ಟಿಲಿನ ಕೋಣೆ, ನೀರಿನ ಟ್ಯಾಂಕು, ಸೋಲಾರ್ ಫಲಕ ಸೇರಿ 200 ಹೋಯಿತು. ಕೈತೊಳೆಯಲು, ಬಡಿಸುವ ಪಾತ್ರೆ ಇಡಲು ಇನ್ನು 100. ಉಳಿದದ್ದು 600. ಮೇಜು, ಕುರ್ಚಿ, ಬಡಿಸುವವರು ಓಡಾಡುವ ದಾರಿ ಎಲ್ಲ ಸೇರಿ ಎಲೆ ಊಟಕ್ಕೆ ಒಬ್ಬರಿಗೆ ಸುಮಾರು 10 ಚದರಡಿ ಬೇಕು. ಅಂದರೆ ಒಂದು ಪಂಕ್ತಿಗೆ 60 ಜನ.

ಒಂದು ಪಂಕ್ತಿ ಕೂತು, ಉಂಡು, ಎದ್ದು, ಎಲೆ ತೆಗೆದು, ಮೇಜು ಒರೆಸಿ ಮತ್ತೆ ಎಲೆ ಹಾಕುವುದಕ್ಕೆ 40 ನಿಮಿಷ. ಹನ್ನೆರಡೂವರೆಗೆ ಮೊದಲ ಪಂಕ್ತಿ ಕೂತರೆ ಮೂರು ಗಂಟೆ ದಾಟುವಷ್ಟರಲ್ಲಿ ನಾಲ್ಕು ಪಂಕ್ತಿ, 240 ಜನ. ಐದನೆಯದರಲ್ಲಿ ಉಳಿದ ನೆಂಟರು, ಮನೆಯವರು, ಬಡಿಸಿದವರು ಕೂರುತ್ತಾರೆ. 270 ಎಲೆಗೆ ಈ ತಾರಸಿ ಸರಿಹೋಗುತ್ತದೆ, ಆದರೆ ಅದೇ ಅದರ ಗಡಿ. 320 ಆದರೆ ಆರು ಪಂಕ್ತಿ ಬೇಕು, ಕೊನೆಯವರು ನಾಲ್ಕು ಗಂಟೆಯ ನಂತರವೂ ಉಣ್ಣುತ್ತಿರುತ್ತಾರೆ. ಸಕ್ಕರೆ ಕಾಯಿಲೆಯ ಹಿರಿಯರನ್ನು ಅಷ್ಟು ಹೊತ್ತು ಕಾಯಿಸುವ ಹಾಗಿಲ್ಲ. ಮಂಡಿ ನೋವಿನವರು ಎರಡು ಮಹಡಿ ಹತ್ತಬೇಕಾಗುವುದನ್ನೂ ನೆನಪಿಡಬೇಕು. ಅವರಿಗಾಗಿ ಕೆಳಗಿನ ಕೋಣೆಯಲ್ಲೋ ಕಾರು ನಿಲ್ಲಿಸುವ ಜಾಗದಲ್ಲೋ ಹತ್ತು ಎಲೆಯ ಒಂದು ಸಾಲು ಹಾಕಿಸುವುದು ಒಳ್ಳೆಯದು.

ಪಕ್ಕದ ಖಾಲಿ ಸೈಟು ಸಿಕ್ಕರೆ ಈ ತೊಂದರೆಗಳಿಲ್ಲ. ಆದರೆ ಅದರ ಮಾಲೀಕರನ್ನು ಹುಡುಕಿ ಕೇಳಬೇಕು, ಗಿಡಗಂಟಿ ಕಡಿಸಿ ಸಮ ಮಾಡಿಸಬೇಕು, ಮುಗಿದ ಮೇಲೆ ಎಲೆ, ಹೂವು, ಲೋಟ ಒಂದೂ ಉಳಿಯದಂತೆ ಎತ್ತಿಸಬೇಕು. ರಸ್ತೆಗೆ ಅಡ್ಡ ಶಾಮಿಯಾನ ಹಾಕಲು ಪೊಲೀಸರ ಅನುಮತಿ ಬೇಕು. ಅಕ್ಕಪಕ್ಕದವರ ವಾಹನ, ಆಂಬುಲೆನ್ಸ್ ಹೋಗುವ ದಾರಿಯನ್ನು ಮುಚ್ಚುವುದು ಹೊಸ ನೆರೆಹೊರೆಯ ಜೊತೆ ಸಂಬಂಧ ಆರಂಭಿಸುವ ರೀತಿಯೂ ಅಲ್ಲ.

ಹೊಸ ಮನೆಯಲ್ಲಿ ಕಾರ್ಯ ಮಾಡುವವರು ಇನ್ನೆರಡು ಸಂಗತಿ ಕೇಳಿಕೊಳ್ಳಬೇಕು. ಕಾಯಂ ವಿದ್ಯುತ್ ಮೀಟರ್ ಬಂದಿದೆಯೇ? ಕಟ್ಟಡದ ಕೆಲಸಕ್ಕೆ ಪಡೆದ ತಾತ್ಕಾಲಿಕ ಸಂಪರ್ಕದ ಮೇಲೆ ಗ್ರೈಂಡರ್, ದೀಪದ ಸರ, ಮೈಕು ಎಲ್ಲ ಹೊರಿಸಿದರೆ ಪೂಜೆಯ ನಡುವೆ ಫ್ಯೂಸ್ ಹೋಗುತ್ತದೆ. ನೀರು ಇದೆಯೇ? 270 ಜನರ ಅಡುಗೆ, ಕೈತೊಳೆಯುವುದು, ಪಾತ್ರೆ, ಶೌಚಾಲಯ ಇಷ್ಟಕ್ಕೂ ಹೊಸ ಸಂಪು ತುಂಬಿಸಿಕೊಂಡೇ ಕೂರಬೇಕು, ಒಂದು ಟ್ಯಾಂಕರ್ ಹೇಳಿಟ್ಟಿರಬೇಕು. ಈ ಎರಡೂ ಹಾಲ್‌ನಲ್ಲಿ ಬಾಡಿಗೆಯ ಒಳಗೋ, ಬೇರೆ ಬಿಲ್ಲಾಗಿಯೋ ಬರುತ್ತವೆ. ಹಾಲ್ ನೋಡಲು ಹೋದಾಗ ಬಾಡಿಗೆಯ ಜೊತೆಗೇ ವಿದ್ಯುತ್ತಿಗೆ ಯೂನಿಟ್ ಲೆಕ್ಕವೇ, ಜನರೇಟರ್ ಗಂಟೆ ಲೆಕ್ಕವೇ, ಶುಚಿ ಶುಲ್ಕ ಎಷ್ಟು, ಹೊರಗಿನ ಅಡುಗೆಯವರನ್ನು ಬಿಡುತ್ತಾರೆಯೇ ಎಂದು ಕೇಳಬೇಕು. ಕೊನೆಯ ಪ್ರಶ್ನೆಗೆ "ನಮ್ಮ ಕೇಟರಿಂಗ್‌ನವರದ್ದೇ ಆಗಬೇಕು" ಎಂಬ ಉತ್ತರ ಬಂದರೆ ಎಲೆಯ ದರ ಮೊದಲಿನಿಂದ ಮತ್ತೆ ಲೆಕ್ಕ ಹಾಕಬೇಕಾಗುತ್ತದೆ.

ಮಳೆಯ ಮಾತೂ ಇಲ್ಲೇ ಬರುತ್ತದೆ. ಆಷಾಢ ಮತ್ತು ಧನುರ್ಮಾಸ ಬಿಟ್ಟು ಮುಹೂರ್ತಗಳು ಗುಂಪಾಗಿ ಬೀಳುತ್ತವೆ. ವೈಶಾಖದಲ್ಲಿ ಸಂಜೆಯ ಗುಡುಗು ಮಳೆ, ಶ್ರಾವಣದಲ್ಲಿ ಜಡಿಮಳೆ, ಕಾರ್ತಿಕದ ಆರಂಭದಲ್ಲಿ ಹಿಂಗಾರು. ತಾರಸಿಗೆ ಬಟ್ಟೆಯ ಶಾಮಿಯಾನ ಸಾಲದು, ನೀರು ಇಳಿಯದ ಹೊದಿಕೆ ಬೇಕು, ಗಾಳಿಗೆ ಕಂಬ ಗಟ್ಟಿ ನಿಲ್ಲಬೇಕು. ಅದರ ದರ ಬೇರೆ. ತಿಂಗಳು ಹೇಳದೆ ಶಾಮಿಯಾನದ ಬೆಲೆ ಕೇಳಿದರೆ ಬರುವುದು ಬಿಸಿಲಿನ ಬೆಲೆ.

ಯಾವುದು ಮುಖ್ಯ ಎಂದು ಯಾರು ಹೇಳಬೇಕು?

ಮೂರನೆಯ ವಿಷಯ ಎಲ್ಲಕ್ಕಿಂತ ಕಷ್ಟದ್ದು, ಏಕೆಂದರೆ ಮನೆಯೊಳಗೆ ಒಮ್ಮತ ಇರುವುದಿಲ್ಲ. ಅಮ್ಮನಿಗೆ ಹಳೆ ಬೀದಿಯವರು ಒಬ್ಬರೂ ಬಿಟ್ಟುಹೋಗಬಾರದು. ಅಪ್ಪನಿಗೆ ಊಟ ಚೆನ್ನಾಗಿರಬೇಕು, ಹೋಳಿಗೆ ಇರಲೇಬೇಕು. ಮಗನಿಗೆ ಫೋಟೋ, ವಿಡಿಯೋ. ಅಜ್ಜಿಗೆ ಹೋಮದಲ್ಲಿ ಯಾವುದೂ ಕಡಿಮೆಯಾಗಬಾರದು. "ಯಾವುದು ಮುಖ್ಯ?" ಎಂದು ಕೇಳಿದರೆ "ಎಲ್ಲವೂ" ಎಂಬ ಉತ್ತರ ಬರುತ್ತದೆ. ಆದ್ದರಿಂದ ಪ್ರಶ್ನೆಯನ್ನೇ ತಿರುಗಿಸಬೇಕು: 30,000 ರೂಪಾಯಿ ಸಾಲದೆ ಬಂದರೆ ಮೊದಲು ಯಾವುದನ್ನು ತೆಗೆಯುತ್ತೀರಿ? ಆಮೇಲೆ ಯಾವುದು? ಈ ಪ್ರಶ್ನೆಗೆ ಪ್ರತಿಯೊಬ್ಬರೂ ಬೇರೆಬೇರೆ ಚೀಟಿಯಲ್ಲಿ ಬರೆದು, ಆಮೇಲೆ ಚೀಟಿಗಳನ್ನು ಒಟ್ಟಿಗೆ ನೋಡಬೇಕು. ಎಲ್ಲರೂ ತೆಗೆಯಲು ಒಪ್ಪಿದ್ದು ಹೋಗುತ್ತದೆ, ಯಾರೂ ಮುಟ್ಟದ್ದು ಉಳಿಯುತ್ತದೆ, ಚರ್ಚೆ ಬೇಕಾದದ್ದು ಮಧ್ಯದ ಎರಡು ಮೂರು ಬಾಬತ್ತು ಮಾತ್ರ.

ಮುಖ್ಯವಾದದ್ದನ್ನು ಮೊದಲು ನಿರ್ಧರಿಸಿದರೆ ಉಳಿದ ಲೆಕ್ಕ ಎಷ್ಟು ಸರಳವಾಗುತ್ತದೆ ಎಂಬುದಕ್ಕೆ ಕನ್ನಡನಾಡಿನಲ್ಲೇ ಹಳೆಯ ಉದಾಹರಣೆ ಇದೆ. ಕುವೆಂಪು ರೂಪಿಸಿದ ಮಂತ್ರ ಮಾಂಗಲ್ಯದಲ್ಲಿ ವಧೂವರರ ಪ್ರತಿಜ್ಞೆಯೇ ಮದುವೆಯ ಕೇಂದ್ರ. 1966ರಲ್ಲಿ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆ ಹೀಗೇ ಆಯಿತು. ಪ್ರತಿಜ್ಞೆ ಮೊದಲು ಎಂದ ಮೇಲೆ ವಾದ್ಯ, ಚಪ್ಪರ, ಸಾವಿರ ಜನರ ಪಂಕ್ತಿ ಯಾವುದಕ್ಕೂ ಕಡ್ಡಾಯದ ಸ್ಥಾನ ಇರಲಿಲ್ಲ. ಎಲ್ಲರೂ ಆ ದಾರಿ ಹಿಡಿಯಬೇಕಿಲ್ಲ, ಆದರೆ ಅಲ್ಲಿ ನಿರ್ಧಾರ ನಡೆದ ಕ್ರಮ ಗಮನಿಸುವಂಥದ್ದು. ಇನ್ನೊಂದು ಅನುಭವ ಹತ್ತಿರದ್ದು: 2020ರ ಮೇ ತಿಂಗಳಲ್ಲಿ ಕೋವಿಡ್ ನಿಯಮ ಮದುವೆಗೆ 50 ಜನರ ಮಿತಿ ಹಾಕಿತು. ಜನಸಂಖ್ಯೆಯನ್ನು ಸರ್ಕಾರವೇ ನಿಗದಿ ಮಾಡಿದಾಗ ಎಷ್ಟೋ ಮದುವೆಗಳು ಮಂಟಪದಿಂದ ಮನೆಯಂಗಳಕ್ಕೆ ಬಂದವು. ತಲೆ ಎಣಿಕೆ ಗಟ್ಟಿಯಾದರೆ ಜಾಗ ತಾನಾಗಿ ಗೊತ್ತಾಗುತ್ತದೆ ಎಂಬುದು ಆಗ ಮನೆಮನೆಗೂ ತಿಳಿಯಿತು.

ಮೂರು ಲಕ್ಷದ ಲೆಕ್ಕ

ಈಗ ಮೇಲಿನ ಕುಟುಂಬದ ಅಂದಾಜು ಹಾಕಬಹುದು. ಇಲ್ಲಿನ ದರಗಳು ಲೆಕ್ಕ ತೋರಿಸಲು ಹಿಡಿದವು. ಅಡುಗೆಯವರು, ತಿಂಗಳು, ಮೆನು ಬದಲಾದಂತೆ ಅವೂ ಬದಲಾಗುತ್ತವೆ. ಮಧ್ಯಾಹ್ನದ ಎಲೆ 350 ರೂಪಾಯಿಯಂತೆ 270ಕ್ಕೆ 94,500. ತಿಂಡಿ 130ರಂತೆ 90ಕ್ಕೆ 11,700. ಹಿಂದಿನ ರಾತ್ರಿಯ ಊಟ 180ರಂತೆ 40ಕ್ಕೆ 7,200. ಒಟ್ಟು 1,13,400. ಜಿಎಸ್‌ಟಿ ನೋಂದಣಿ ಇರುವವರಾದರೆ ಮನೆಗೆ ಬಂದು ಮಾಡುವ ಕೇಟರಿಂಗಿಗೆ ಶೇ. 5 ಸೇರಿ 1,19,070.

ತಾರಸಿಗೆ ಮಳೆ ತಡೆಯುವ ಶಾಮಿಯಾನ, ಮೇಜು, ಕುರ್ಚಿ, ದೀಪಕ್ಕೆ 28,000, ಜನರೇಟರ್‌ಗೆ 8,000, ಟ್ಯಾಂಕರ್ ಮತ್ತು ಶುಚಿಗೆ 6,000. ಇದು 42,000. ಪುರೋಹಿತರು ಮತ್ತು ಹೋಮದ ಸಾಮಗ್ರಿ 35,000, ಬಾಳೆಕಂಬ, ಮಾವಿನ ತೋರಣ, ಹೂವು 15,000, ಫೋಟೋ 20,000, 150 ತಾಂಬೂಲಕ್ಕೆ 60ರಂತೆ 9,000, ಮೇಸ್ತ್ರಿ, ಬಡಗಿ, ಅಕ್ಕತಂಗಿಯರಿಗೆ ಬಟ್ಟೆ 30,000, ಪತ್ರಿಕೆ 5,000. ಇದು 1,14,000.

ಮೂರೂ ಸೇರಿ 2,75,070. ಮೂರು ಲಕ್ಷದಲ್ಲಿ ಉಳಿಯುವುದು 24,930. ಇದನ್ನು ಹೊಸ ಬಾಬತ್ತಿಗೆ ಹಂಚಬಾರದು. ಹೆಚ್ಚು ಬಿದ್ದ ಎಲೆ, ಕೊನೇ ಗಳಿಗೆಯ ಟ್ಯಾಂಕರ್, ಊರಿಂದ ಬಂದವರನ್ನು ಬಸ್ ನಿಲ್ದಾಣಕ್ಕೆ ಬಿಡುವ ಗಾಡಿ ಎಲ್ಲಕ್ಕೂ ಇದೇ ಆಸರೆ.

ಇದೇ ಊಟವನ್ನು ಪಾರ್ಟಿ ಹಾಲ್‌ಗೆ ಒಯ್ದರೆ? ಬಾಡಿಗೆ 45,000 ಎಂದಿಟ್ಟುಕೊಂಡರೆ ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 53,100. ಮನೆಯ ಮುಂದೆ ಚಿಕ್ಕ ಚಪ್ಪರ, ನೀರು, ಶುಚಿಗೆ ಹೇಗೂ 10,000 ಬೇಕು. ತಾರಸಿಯ 42,000 ಹೋಗಿ ಇದು ಬಂದರೆ ಒಟ್ಟು 2,96,170. ಮಿತಿಯೊಳಗೇ ಇದೆ, ಆದರೆ ಕೈಯಲ್ಲಿ ನಾಲ್ಕು ಸಾವಿರವೂ ಉಳಿಯುವುದಿಲ್ಲ. ಮೆಟ್ಟಿಲು ಹತ್ತುವ ಕಷ್ಟ ತಪ್ಪುತ್ತದೆ, ಮಳೆಯ ಭಯವಿಲ್ಲ. ಆದರೆ ತಡವಾಗಿ ಬಂದವರು ನೇರ ಹಾಲ್‌ಗೆ ಹೋಗಿ ಉಂಡು, ಹೊಸ ಮನೆಯನ್ನು ನೋಡದೆಯೇ ಹೊರಡುತ್ತಾರೆ. ಮನೆ ತೋರಿಸುವುದೇ ಮುಖ್ಯ ಎಂದುಕೊಂಡವರಿಗೆ ಇದು ದೊಡ್ಡ ನಷ್ಟ, ಹಿರಿಯರ ಅನುಕೂಲ ಮುಖ್ಯ ಎಂದವರಿಗೆ ಅಲ್ಲ.

ಇನ್ನು ಅಮ್ಮನ ಬೇಡಿಕೆ: ಹಳೆ ಬೀದಿಯಿಂದ, ಮಹಿಳಾ ಮಂಡಳಿಯಿಂದ ಇನ್ನೂ 50 ಜನ. ಊಟಕ್ಕೆ ಕರೆದರೆ 350ರಂತೆ ತೆರಿಗೆ ಸೇರಿ 18,375. ಉಳಿದ ಹಣದಲ್ಲಿ ಇದನ್ನು ಭರಿಸಬಹುದು ಎಂದು ಕಾಗದದ ಮೇಲೆ ಕಾಣುತ್ತದೆ. ಆದರೆ ಎಲೆ 320 ಆಗಿ ತಾರಸಿಯ ಗಡಿ ದಾಟಿತು, ಆರನೇ ಪಂಕ್ತಿ ಬಂತು. ಅದನ್ನು ತಪ್ಪಿಸಲು ಹಾಲ್‌ಗೆ ಹೋದರೆ ಮೊತ್ತ 3,14,545 ಆಗಿ ಮಿತಿಯೇ ಮುರಿಯಿತು. ಒಂದು ಸಂಖ್ಯೆ ಬದಲಾದದ್ದಕ್ಕೆ ಜಾಗ ಬದಲಾಯಿತು, ಜಾಗ ಬದಲಾದದ್ದಕ್ಕೆ ಮೊತ್ತ ಹಾರಿತು. ಮೂರೂ ವಿಷಯವನ್ನು ಒಟ್ಟಿಗೆ ಬರೆದಿಟ್ಟುಕೊಂಡವರಿಗೆ ಮಾತ್ರ ಇದು ಮೊದಲೇ ಕಾಣುತ್ತದೆ.

ಕ್ರಮ ಗೊತ್ತಿದ್ದರೆ ಬೇರೆ ದಾರಿಯೂ ಕಾಣುತ್ತದೆ. ಅಮ್ಮನಿಗೆ ಮುಖ್ಯವಾದದ್ದು ಆ 50 ಜನ ಬರುವುದು, ಅವರು ಎಲೆ ಮುಂದೆ ಕೂರುವುದಲ್ಲ. ಹಾಗಿದ್ದರೆ ಅವರನ್ನು ಸಂಜೆ ನಾಲ್ಕೂವರೆಯಿಂದ ಏಳರವರೆಗೆ ಅರಿಶಿನ ಕುಂಕುಮಕ್ಕೆ ಕರೆಯಬಹುದು. ಬೋಂಡ, ಕೇಸರಿಬಾತು, ಕಾಫಿ 90ರಂತೆ 4,500, ತೆರಿಗೆ ಸೇರಿ 4,725. ಮನೆಯನ್ನು ನಿಧಾನವಾಗಿ ನೋಡಲು, ಮಾತಾಡಲು ಸಂಜೆಯೇ ಒಳ್ಳೆಯ ಹೊತ್ತು. ವಿಜಯನಗರದಿಂದ ಬರುವವರಿಗೆ ಮೆಟ್ರೋ ಇದೆ. ಮೈಸೂರು ರಸ್ತೆಯಿಂದ ಕೆಂಗೇರಿವರೆಗಿನ ಮಾರ್ಗ 2021ರ ಆಗಸ್ಟ್‌ನಲ್ಲಿ ತೆರೆದ ಮೇಲೆ ಜ್ಞಾನಭಾರತಿ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿದು ಉಲ್ಲಾಳಕ್ಕೆ ಬರಬಹುದು. ಬರೀ 50 ತಲೆ ಎಂದು ಎಣಿಸಿದ್ದರೆ ಈ ದಾರಿ ಹೊಳೆಯುತ್ತಿರಲಿಲ್ಲ.

ಅಡುಗೆಯವರಿಗೆ ಕಳಿಸುವ ಸಂದೇಶ

ಮೊತ್ತದ ಮಿತಿಯನ್ನು ಮೊದಲೇ ಹೇಳಿದರೆ ಬಿಲ್ಲು ಸರಿಯಾಗಿ ಅಷ್ಟಕ್ಕೇ ಬಂದು ನಿಲ್ಲುತ್ತದೆ ಎಂಬ ಅಂಜಿಕೆ ಮನೆಯವರಿಗಿರುತ್ತದೆ. ಆ ಅಂಜಿಕೆ ಸಹಜ. ಉಳಿದ ವಿವರ ಪೂರ್ತಿ ಕೊಟ್ಟರೆ ಮಿತಿಯನ್ನು ಹೇಳುವ ಅಗತ್ಯವೇ ಬೀಳುವುದಿಲ್ಲ. ಒಂದೇ ಸಂದೇಶವನ್ನು ಮೂರು ಕಡೆಗೆ ಕಳಿಸಿದರೆ ಬರುವ ದರಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಸಂದೇಶ ಹೀಗಿರಲಿ:

"ನಮಸ್ಕಾರ. ಕಾರ್ತಿಕದ ಭಾನುವಾರ ಉಲ್ಲಾಳದಲ್ಲಿ ಗೃಹಪ್ರವೇಶ. ಶನಿವಾರ ರಾತ್ರಿ ಸರಳ ಊಟ 40, ಭಾನುವಾರ ಬೆಳಿಗ್ಗೆ ತಿಂಡಿ 90, ಮಧ್ಯಾಹ್ನ ಬಾಳೆಲೆ ಊಟ 230 ಗ್ಯಾರಂಟಿ, 270ರವರೆಗೆ ಸಿದ್ಧತೆ. ಸಂಜೆ ಕಾಫಿ ತಿಂಡಿ 50. ಊಟ ಎರಡನೇ ಮಹಡಿಯ ತಾರಸಿಯಲ್ಲಿ, ಪಂಕ್ತಿಗೆ 60. ಲಿಫ್ಟ್ ಇಲ್ಲ. ಅಡುಗೆಗೆ ಮನೆ ಹಿಂದೆ ಜಾಗವಿದೆ. ಕೆಳಗೆ ಹಿರಿಯರಿಗೆ ಹತ್ತು ಎಲೆ ಬೇರೆ. ಹೋಳಿಗೆ, ಹೆಸರುಬೇಳೆ ಕೋಸಂಬರಿ, ಎರಡು ಪಲ್ಯ ಬಿಡುವ ಹಾಗಿಲ್ಲ. ಐಸ್‌ಕ್ರೀಂ, ಎರಡನೇ ಸಿಹಿ ಬೇಡ. ಹೊತ್ತಿಗೆ ಬೇರೆಬೇರೆಯಾಗಿ ಎಲೆಯ ದರ, ಬಡಿಸುವವರ ಸಂಖ್ಯೆ, ಪಾತ್ರೆ ಮತ್ತು ಗ್ಯಾಸ್ ಯಾರದ್ದು, ತೆರಿಗೆ ಎಷ್ಟು ಎಂದು ತಿಳಿಸಿ."

"ಲಿಫ್ಟ್ ಇಲ್ಲ" ಎಂಬ ಮಾತು ಚಿಕ್ಕದಾಗಿ ಕಂಡರೂ ಅದು ಬಡಿಸುವವರ ಸಂಖ್ಯೆಯನ್ನು ಬದಲಿಸುತ್ತದೆ. ಸಾರಿನ ಕೊಳಗ ಎರಡು ಮಹಡಿ ಹೊರಲು ಬೇರೆ ಇಬ್ಬರು ಬೇಕು. ಮೊದಲೇ ಹೇಳದಿದ್ದರೆ ಬಡಿಸುವವರೇ ಹೊರಲು ಹೋಗುತ್ತಾರೆ, ಪಂಕ್ತಿಯಲ್ಲಿ ಎರಡನೇ ಸಲ ಸಾರು ಕೇಳಿದವರಿಗೆ ಯಾರೂ ಕಾಣುವುದಿಲ್ಲ.

ಉತ್ತರವಾಗಿ ಬಂದ ದರಪಟ್ಟಿಯಲ್ಲಿ ಕೆಲವನ್ನು ಹುಡುಕಿ ನೋಡಬೇಕು. "ಪೂರ್ತಿ ಪ್ಯಾಕೇಜ್" ಎಂದು ಒಂದೇ ಮೊತ್ತ ಬರೆದು ಎಲೆಯ ಸಂಖ್ಯೆ ಬರೆಯದಿದ್ದರೆ ಅದು ಮತ್ತೆ ಮೊದಲಿನ ಫೋನಿನ ಸ್ಥಿತಿಯೇ, ಈ ಸಲ ವಿವರ ಬಿಟ್ಟವರು ಆ ಕಡೆಯವರು. ಒಬ್ಬರ ಎಲೆ ಉಳಿದಿಬ್ಬರಿಗಿಂತ ಬಹಳ ಅಗ್ಗವಿದ್ದರೆ ಗ್ಯಾಸ್, ನೀರಿನ ಬಾಟಲಿ, ಬಡಿಸುವವರ ಕೂಲಿ ಹೊರಗಿಟ್ಟಿದ್ದಾರೆಯೇ ಎಂದು ಕೇಳಬೇಕು. ಕೆಲವರು "ಸಾಮಾನು ನಿಮ್ಮದು, ಕೂಲಿ ನಮ್ಮದು" ಎಂಬ ಲೆಕ್ಕದವರು. ಅವರು ದಿನಸಿಯ ಪಟ್ಟಿ ಕೊಡುತ್ತಾರೆ, ಖರೀದಿ ಮನೆಯವರದು. ಆ ಪಟ್ಟಿ ಸರಿಯಿದೆಯೇ ಎಂದು ತಿಳಿಯಲು ಅಕ್ಕಿ ನೋಡಿದರೆ ಸಾಕು: ಸಿಹಿ, ಚಿತ್ರಾನ್ನ, ಪಲ್ಯ ಇರುವ ಎಲೆ ಊಟದಲ್ಲಿ ನೂರು ಜನಕ್ಕೆ ಹತ್ತರಿಂದ ಹನ್ನೆರಡು ಕೆ.ಜಿ. ಅಕ್ಕಿ ಸಾಮಾನ್ಯ. ಅದು ಇಪ್ಪತ್ತು ಎಂದಿದ್ದರೆ ಕಾರಣ ಕೇಳಬೇಕು. ಮೇಜಿನ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆ, ಪ್ಲಾಸ್ಟಿಕ್ ಲೋಟ ಪಟ್ಟಿಯಲ್ಲಿದ್ದರೆ ತೆಗೆಸಬೇಕು. ಕರ್ನಾಟಕದಲ್ಲಿ 2016ರ ಮಾರ್ಚ್‌ನಿಂದ ಇವಕ್ಕೆ ನಿಷೇಧವಿದೆ.

ಮುಂಗಡ ಕೊಡುವಾಗ ಮೂರು ತಾರೀಕು ಬರೆಸಿಕೊಳ್ಳುವುದು ಕ್ಷೇಮ: ಅಂದಾಜು ಸಂಖ್ಯೆ ತಿದ್ದಲು ಹತ್ತು ದಿನ ಮೊದಲಿನದು, ಗ್ಯಾರಂಟಿ ಸಂಖ್ಯೆ ಪಕ್ಕಾ ಮಾಡಲು ಮೂರು ದಿನ ಮೊದಲಿನದು, ಬಾಕಿ ಕೊಡುವ ದಿನದ್ದು. ಮೂರು ದಿನ ಮೊದಲು ಏಕೆಂದರೆ ತರಕಾರಿ, ಹಾಲು, ಹೋಳಿಗೆ ಮಾಡುವವರಿಗೆ ಹೇಳುವುದು ಅಷ್ಟರಲ್ಲೇ. ಆಮೇಲೆ ಕಡಿಮೆ ಮಾಡಿ ಎಂದರೆ ನಷ್ಟ ಯಾರಾದರೊಬ್ಬರ ತಲೆಗೆ ಬರುತ್ತದೆ.

ಕಾರ್ಯದ ದಿನ ಎಲೆ ಎಣಿಸುವವರು ಯಾರು ಎಂಬುದನ್ನೂ ಹಿಂದಿನ ದಿನವೇ ಗೊತ್ತು ಮಾಡಿಕೊಳ್ಳಬೇಕು. ಪ್ರತಿ ಪಂಕ್ತಿ ಕೂತ ಕೂಡಲೇ ಮನೆಯ ಕಡೆಯವರೊಬ್ಬರು, ಅಡುಗೆಯ ಕಡೆಯವರೊಬ್ಬರು ಒಟ್ಟಿಗೆ ಎಣಿಸಿ ಒಂದೇ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಕೆಳಗೆ ಹಿರಿಯರಿಗೆ ಹಾಕಿದ ಹತ್ತು ಎಲೆಯನ್ನೂ, ಡಬ್ಬಿಗೆ ತುಂಬಿಸಿ ಕಳಿಸಿದ ಊಟವನ್ನೂ ಆ ಹಾಳೆಯಲ್ಲೇ ಸೇರಿಸಬೇಕು, ಸಂಜೆ ಬಾಕಿ ಕೊಡುವಾಗ ತಕರಾರು ಬರುವುದು ಹೆಚ್ಚಾಗಿ ಈ ಎರಡರಲ್ಲೇ.